ಕ್ರಿಸ್ಮಸ್ ಕೇಕ್ ಮತ್ತು ಕುಸ್ವಾರ್: ನವೆಂಬರ್ 23ರಿಂದ ಆರ್ಡರ್ ಸ್ವೀಕಾರ

ಆತ್ಮೀಯ ಗ್ರಾಹಕರೇ,

2026ರ ಕ್ರಿಸ್ಮಸ್ ಹಬ್ಬದ ಆರ್ಡರ್‌ಗಳನ್ನು ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆ ಬೇಕರಿಯಲ್ಲಿ ನವೆಂಬರ್ 23, ಸೋಮವಾರ ಬೆಳಿಗ್ಗೆ 9 ಗಂಟೆಯಿಂದ ಸ್ವೀಕರಿಸಲಾಗುವುದು. ಕೇಕ್‌ಗೆ ಬೇಕಾದ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಗಳು ಸೆಪ್ಟೆಂಬರ್‌ನಿಂದಲೇ ರಮ್‌ನಲ್ಲಿ ನೆನೆಯುತ್ತಿವೆ. ನೆನೆಹಾಕಿರುವ ಹಣ್ಣು 90 ಕಿಲೋ ಕೇಕ್‌ಗೆ ಸಾಕಾಗುವಷ್ಟೇ ಇರುವುದರಿಂದ, ಅಷ್ಟು ಭರ್ತಿಯಾದ ಕೂಡಲೇ, ಕೊನೆಯ ದಿನಾಂಕ ಬಾಕಿ ಇದ್ದರೂ, ರಮ್ ಕೇಕ್‌ನ ಆರ್ಡರ್ ನಿಲ್ಲಿಸುತ್ತೇವೆ.

ರಮ್ ಹಾಕಿದ ಪ್ಲಮ್ ಕೇಕ್ (ಕಿಲೋಗೆ 1,100 ರೂಪಾಯಿ) ಬೇಯಿಸಿದ ಮೇಲೆ ಕನಿಷ್ಠ ಒಂದು ವಾರ ಕೂತರೆ ಮಾತ್ರ ಅದರ ರುಚಿ ಕೂಡಿಬರುತ್ತದೆ. ಆದ್ದರಿಂದ ಅದಕ್ಕೆ ಡಿಸೆಂಬರ್ 10, ಗುರುವಾರವೇ ಕೊನೆಯ ದಿನ. ಕಿತ್ತಳೆ ರಸದಲ್ಲಿ ಹಣ್ಣು ನೆನೆಸಿ ಮಾಡುವ, ರಮ್ ಇಲ್ಲದ ಕೇಕ್‌ಗೆ (ಕಿಲೋಗೆ 1,000 ರೂಪಾಯಿ) ಡಿಸೆಂಬರ್ 17ರವರೆಗೆ ಅವಕಾಶವಿದೆ. ಎರಡೂ ಕೇಕ್‌ಗಳಲ್ಲಿ ಮೊಟ್ಟೆ ಮತ್ತು ಗೋಡಂಬಿ ಇರುತ್ತವೆ. ಮೊಟ್ಟೆಯಿಲ್ಲದ ಪ್ಲಮ್ ಕೇಕ್ ನಮ್ಮ ಕೈಯಲ್ಲಿ ಇನ್ನೂ ಸರಿಯಾಗಿ ಹದಗೊಂಡಿಲ್ಲವಾದ್ದರಿಂದ ಈ ವರ್ಷವೂ ಅದನ್ನು ಮಾರುತ್ತಿಲ್ಲ.

ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ ಮತ್ತು ಕೊಕ್ಕಿಸಾಂ ಸೇರಿದ ಮುಕ್ಕಾಲು ಕಿಲೋ ಕುಸ್ವಾರ್ ಡಬ್ಬಿಗೆ 650 ರೂಪಾಯಿ. ಕಿಡಿಯೊಗಳನ್ನು ಫೋರ್ಕ್‌ನ ಬೆನ್ನಿನ ಮೇಲೆ ಒಂದೊಂದಾಗಿ ಸುರುಳಿ ಸುತ್ತಬೇಕಾದ್ದರಿಂದ ಡಬ್ಬಿಗಳ ಆರ್ಡರ್ ಡಿಸೆಂಬರ್ 14ಕ್ಕೆ ಮುಗಿಯುತ್ತದೆ. ಒಬ್ಬರಿಗೆ ಗರಿಷ್ಠ ಐದು ಡಬ್ಬಿ.

ಆರ್ಡರ್ ನೀಡುವವರು ತಮ್ಮ ಹೆಸರು, ಪ್ರಮಾಣ, ವಿಳಾಸ ಮತ್ತು ಬೇಕಾದ ದಿನವನ್ನು ಈ ಸಂದೇಶ ಬಂದಿರುವ ವಾಟ್ಸ್ಆ್ಯಪ್ ಸಂಖ್ಯೆಗೇ ಬರೆದು ಕಳುಹಿಸಬೇಕು. ಫೋನಿನಲ್ಲಿ ಹೇಳಿದ ಆರ್ಡರ್‌ಗಳು ಕಳೆದ ವರ್ಷ ಹಿಟ್ಟಿನ ಕೈಯಲ್ಲಿ ಬರೆದುಕೊಂಡ ಚೀಟಿಗಳೊಂದಿಗೆ ಕಳೆದುಹೋದದ್ದುಂಟು. ಆ ತಪ್ಪು ನಮ್ಮದೇ. ನಾವು ಆರ್ಡರ್ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಕಳುಹಿಸಿದ 24 ಗಂಟೆಯೊಳಗೆ ಅರ್ಧ ಮೊತ್ತವನ್ನು ಯುಪಿಐ ಮೂಲಕ ಪಾವತಿಸಿ, ಷರಾ ಜಾಗದಲ್ಲಿ ಆರ್ಡರ್ ಸಂಖ್ಯೆಯನ್ನು ನಮೂದಿಸಿ, ಸ್ಕ್ರೀನ್‌ಶಾಟ್ ಕಳುಹಿಸಬೇಕು. ಆರ್ಡರ್ ಸಂಖ್ಯೆ ಬರುವ ಮೊದಲು ದಯವಿಟ್ಟು ಹಣ ಹಾಕಬೇಡಿ. ಉಳಿದ ಮೊತ್ತವನ್ನು ಸಾಮಾನು ಕೈಸೇರುವಾಗ ನಗದಾಗಿಯೂ ಕೊಡಬಹುದು. ಡಿಸೆಂಬರ್ 10ರೊಳಗೆ ರದ್ದುಪಡಿಸಿದರೆ ಮುಂಗಡವನ್ನು ಪೂರ್ಣವಾಗಿ ಮರಳಿಸುತ್ತೇವೆ, ಆಮೇಲೆ ಸಾಧ್ಯವಾಗದು.

ಡಿಸೆಂಬರ್ 20ರಿಂದ 23ರವರೆಗೆ, ಸಂಜೆ 4ರಿಂದ 8ರ ನಡುವೆ, ಬಿಜೈಯಿಂದ 8 ಕಿಲೋಮೀಟರ್ ಒಳಗಿನ ಮನೆಗಳಿಗೆ ತಲುಪಿಸುತ್ತೇವೆ. ಕದ್ರಿ, ಉರ್ವ, ಬೆಂದೂರು, ಕಂಕನಾಡಿ ಕಡೆಗೆ 40 ರೂಪಾಯಿ, ಅದಕ್ಕಿಂತ ದೂರಕ್ಕೆ 80 ರೂಪಾಯಿ. ಸುರತ್ಕಲ್ ಈ ಮಿತಿಯಲ್ಲಿ ಬರುವುದಿಲ್ಲ. ಅಲ್ಲಿನವರು ಯಾರನ್ನಾದರೂ ಕಳುಹಿಸಿ ತರಿಸಿಕೊಳ್ಳಬೇಕಾಗುತ್ತದೆ. ಕೊರಿಯರ್‌ನಲ್ಲಿ ಕುಸ್ವಾರ್ ಕಳುಹಿಸುವುದಿಲ್ಲ, ಏಕೆಂದರೆ ಬೆರಳಿನ ಒತ್ತಡಕ್ಕೇ ಮುರಿಯುವ ಕೊಕ್ಕಿಸಾಂ ದೂರದ ಪ್ರಯಾಣದಲ್ಲಿ ಪುಡಿಯಾಗಿಯೇ ಮುಟ್ಟುತ್ತದೆ. ಡಿಸೆಂಬರ್ 24ರಂದು ಮಧ್ಯಾಹ್ನ 1ರವರೆಗೆ ನಮ್ಮ ಮನೆಯಿಂದಲೇ ಒಯ್ಯಬಹುದು. ಅಂದು ರಾತ್ರಿಯ ಬಲಿಪೂಜೆಗೆ ನಾವೂ ಹೊರಡಬೇಕಾಗಿರುವುದರಿಂದ ಒಂದು ಗಂಟೆಯ ನಂತರ ಬಾಗಿಲು ತೆರೆದಿರುವುದಿಲ್ಲ.