ನನ್ನ ಬಗ್ಗೆ ಎರಡು ಮಾತು

ನಮಸ್ಕಾರ. ನಾನು 11 ವರ್ಷಗಳಿಂದ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಏಜೆಂಟ್ ಆಗಿ ಕೆಲಸ ಮಾಡುತ್ತಿದ್ದೇನೆ.

ಅಪ್ಪ ತೀರಿಕೊಂಡಾಗ ಅವರ ಪಾಲಿಸಿ ಬಾಂಡ್ ಬೀರುವಿನಲ್ಲಿ, ಅಮ್ಮನ ಸೀರೆಗಳ ಕೆಳಗೆ ಸಿಕ್ಕಿತು. ನಾಮಿನಿ ಜಾಗದಲ್ಲಿ ಅಜ್ಜಿಯ ಹೆಸರಿತ್ತು. ಅಜ್ಜಿ ಅಷ್ಟರಲ್ಲಿ ಇರಲೇ ಇಲ್ಲ. ಅಮ್ಮ ಆ ದುಃಖದಲ್ಲೂ ತಿಂಗಳುಗಟ್ಟಲೆ ಕಾಗದ ಹಿಡಿದು ಓಡಾಡಿದರು. ಒಂದು ಹೆಸರು ಬದಲಾಯಿಸಿದ್ದರೆ ಸಾಕಿತ್ತು, ಅಲ್ವಾ? ನಾನು ಈ ಕೆಲಸಕ್ಕೆ ಬಂದದ್ದು ಅದರಿಂದಲೇ.

ಹಾಗಾಗಿ ಮೊದಲ ಭೇಟಿಯಲ್ಲಿ ನಾನು ಏನನ್ನೂ ಮಾರುವುದಿಲ್ಲ. ಮನೆಯಲ್ಲಿರುವ ಹಳೆಯ ಪಾಲಿಸಿಗಳನ್ನು ನಿಮ್ಮ ಜೊತೆ ಕೂತು ಓದುತ್ತೇನೆ. ನಾಮಿನಿ ಯಾರು, ಯಾವ ಕಾಯಿಲೆಗೆ ಎಷ್ಟು ಕಾಲ ಕಾಯಬೇಕು, ಯಾವುದಕ್ಕೆ ಹಣ ಸಿಗುವುದಿಲ್ಲ, ಎಲ್ಲ ನೋಡೋಣ. ಇರುವ ಪಾಲಿಸಿಯೇ ಸಾಕು ಅನ್ನಿಸಿದರೆ ಅದನ್ನೇ ಹೇಳುತ್ತೇನೆ. ಮನೆಯವರೆಲ್ಲ ಜೊತೆಗಿದ್ದರೆ ಒಳ್ಳೆಯದು, ಮುಂದೆ ಆ ಕಾಗದ ಹುಡುಕಬೇಕಾದವರು ಅವರೇ ತಾನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಲೈಮ್ ಮಂಜೂರು ಮಾಡುವುದು ಕಂಪನಿ, ನಾನಲ್ಲ. ಅದರ ಬಗ್ಗೆ ನಾನು ಮಾತು ಕೊಡಲಾರೆ. ಬಿಪಿ, ಸಕ್ಕರೆ ಕಾಯಿಲೆ, ಹಳೆಯ ಆಪರೇಷನ್, ಸಿಗರೇಟು ಏನಿದ್ದರೂ ಅರ್ಜಿಯಲ್ಲಿ ಬರೆಯಲೇಬೇಕು. ಪ್ರೀಮಿಯಂ ಜಾಸ್ತಿಯಾದರೂ ಮುಚ್ಚಿಡಲು ನಾನು ಒಪ್ಪುವುದಿಲ್ಲ. ಪಾಲಿಸಿ ಮಾಡಿಸಿದರೆ ಕಂಪನಿ ನನಗೆ ಕಮಿಷನ್ ಕೊಡುತ್ತದೆ. ಎಷ್ಟು ಅಂತ ಕೇಳಿ, ಹೇಳುತ್ತೇನೆ.

ಯೋಚಿಸಲು ಸಮಯ ತೆಗೆದುಕೊಳ್ಳಿ, ಬೇರೆಯವರನ್ನೂ ವಿಚಾರಿಸಿ. ನಾನು ಸುಮ್ನೆ ಫೋನ್ ಮಾಡಿ ಕಾಡುವುದಿಲ್ಲ. ಸಂಜೆ 6ರ ಮೇಲೆ ಬಿಡುವಾಗಿರುತ್ತೇನೆ, ಬೇಕೆನಿಸಿದಾಗ ಒಂದು ಮೆಸೇಜ್ ಹಾಕಿ.