ರಸ್ತೆ ಗುಂಡಿಗೆ ಬಿದ್ದು ಕೈ ಮುರಿದ ಬಗ್ಗೆ ದೂರು ಮತ್ತು ಪರಿಹಾರಕ್ಕಾಗಿ ಕೋರಿಕೆ

ದಿನಾಂಕ: 27-10-2025
ಬೆಂಗಳೂರು

ಇಂದ,
ಎಸ್. ಮಂಜುಳಾ, ಟೈಲರ್
ಕೆಂಗೇರಿ ಉಪನಗರ, ಬೆಂಗಳೂರು

ಗೆ,
ಕಾರ್ಯಪಾಲಕ ಇಂಜಿನಿಯರ್ ಅವರು
ರಸ್ತೆ ನಿರ್ವಹಣೆ ವಿಭಾಗ

ವಿಷಯ: 09-10-2025ರ ರಾತ್ರಿ ಉಳ್ಳಾಲು ಕಡೆಯ ರಸ್ತೆಯ ಗುಂಡಿಗೆ ಸ್ಕೂಟರ್ ಬಿದ್ದು ನಾನು ಗಾಯಗೊಂಡ ಬಗ್ಗೆ.

ಮಾನ್ಯರೇ,

ನನ್ನ ಬಲಗೈ ಪ್ಲಾಸ್ಟರಿನಲ್ಲಿದೆ. ಹಾಗಾಗಿ ಈ ಪತ್ರವನ್ನು ನಾನು ಹೇಳಿದ ಹಾಗೆ ನನ್ನ ಅಕ್ಕನ ಮಗ ಬರೆಯುತ್ತಿದ್ದಾನೆ. ಕೆಳಗಿನ ಸಹಿ ನನ್ನದೇ, ಎಡಗೈಯಲ್ಲಿ ಮಾಡಿದ್ದು.

ಅಕ್ಟೋಬರ್ 9, ಗುರುವಾರ. ಉಳ್ಳಾಲಿನಲ್ಲಿರುವ ಗಿರಾಕಿಯೊಬ್ಬರಿಗೆ ಮೂರು ಬ್ಲೌಸ್ ಕೊಡಬೇಕಿತ್ತು. ಸಂಜೆ ಮಳೆ ಬಂದು ನಿಂತ ಮೇಲೆ ಮನೆಯಿಂದ ಹೊರಟೆ. ಕೆಂಗೇರಿ ಉಪನಗರದಿಂದ ಉಳ್ಳಾಲು ಕಡೆಗೆ ಹೋಗುವಾಗ ಎಡಗಡೆ ಅರಳಿಕಟ್ಟೆ ಸಿಗುತ್ತದೆ. ಅದನ್ನು ದಾಟಿ ಸುಮಾರು 60 ಹೆಜ್ಜೆ ಮುಂದೆ ಕಬ್ಬಿಣ-ಸಿಮೆಂಟ್ ಅಂಗಡಿ ಇದೆ. ಗುಂಡಿ ಇರುವುದು ಆ ಅಂಗಡಿಯ ಎದುರಿಗೆ, ರಸ್ತೆಯ ಎಡ ಅಂಚಿನಿಂದ ಮೂರು ಅಡಿ ಒಳಗೆ. ಅಂದರೆ ದೊಡ್ಡ ಗಾಡಿಗಳಿಗೆ ದಾರಿ ಬಿಟ್ಟು ಟೂ ವೀಲರ್‌ನವರು ಹೋಗುವ ಜಾಗದಲ್ಲೇ. ಪಕ್ಕದ ಬೀದಿ ದೀಪ ಆ ದಿನ ಉರಿಯುತ್ತಿರಲಿಲ್ಲ, ಇವತ್ತಿಗೂ ಉರಿಯುತ್ತಿಲ್ಲ.

ಆಗ ಸಮಯ ರಾತ್ರಿ 7 ಗಂಟೆ 40 ನಿಮಿಷ. ಬೀಳುವ ಸ್ವಲ್ಪ ಮೊದಲು ಗಿರಾಕಿಗೆ "ಐದು ನಿಮಿಷದಲ್ಲಿ ಬಂದೆ" ಎಂದು ಗಾಡಿ ನಿಲ್ಲಿಸಿ ಫೋನ್ ಮಾಡಿದ್ದೆ. ಆ ಕರೆಯ ಸಮಯ 7:36 ಎಂದು ಫೋನಿನಲ್ಲಿ ಇದೆ. ನನ್ನ ವೇಗ ಇಪ್ಪತ್ತೈದರ ಮೇಲೆ ಇರಲಿಲ್ಲ. ಹೆಲ್ಮೆಟ್ ಹಾಕಿ ಬಕಲ್ ಬಿಗಿದಿದ್ದೆ, ಹೆಡ್‌ಲೈಟ್ ಉರಿಯುತ್ತಿತ್ತು. ಆದರೆ ಗುಂಡಿಯ ತುಂಬ ಮಳೆ ನೀರು. ಸುತ್ತಲಿನ ಒದ್ದೆ ಡಾಂಬರು ಹೇಗೆ ಮಿನುಗುತ್ತಿತ್ತೋ ಗುಂಡಿಯೂ ಹಾಗೇ ಮಿನುಗುತ್ತಿತ್ತು. ಮುಂದಿನ ಚಕ್ರ ದಬಕ್ ಅಂತ ಒಳಗೆ ಹೋಯಿತು, ಹ್ಯಾಂಡಲ್ ತಿರುಗಿತು, ನಾನು ಬಲಕ್ಕೆ ಬಿದ್ದೆ. ನೆಲಕ್ಕೆ ಊರಿದ್ದು ಬಲಗೈ. ಹಿಂದೆ ಬರುತ್ತಿದ್ದ ಟೆಂಪೋ ನನ್ನ ಕಾಲಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಡ್ರೈವರ್ ಒಂದು ಕ್ಷಣ ತಡವಾಗಿ ಬ್ರೇಕ್ ಹಾಕಿದ್ದರೆ ಈ ಪತ್ರವನ್ನು ನನ್ನ ಮನೆಯವರು ಬರೆಯಬೇಕಾಗುತ್ತಿತ್ತು.

ಹೂ ಮಾರುವ ಅಮ್ಮ ಒಬ್ಬರು ಮತ್ತು ಅಂಗಡಿಯ ಇಬ್ಬರು ಹುಡುಗರು ನನ್ನನ್ನು ಎತ್ತಿ ಕೂರಿಸಿದರು. ಕವರ್ ಹರಿದು ಸಾಸಿವೆ ಬಣ್ಣದ ರೇಷ್ಮೆ ಬ್ಲೌಸ್ ಕೆಸರಿನಲ್ಲಿ ಬಿದ್ದಿತ್ತು. ಅದರ ತೋಳಿಗೆ ನಾಲ್ಕು ದಿನ ಕೂತು ಕೈಯಲ್ಲೇ ಮಣಿ ಕೆಲಸ ಮಾಡಿದ್ದೆ. ಕೈ ಮುರಿದಿದೆ ಅಂತ ನನಗೆ ಇನ್ನೂ ಗೊತ್ತಿರಲಿಲ್ಲ. ಬ್ಲೌಸ್ ಎತ್ತಿಕೊಳ್ಳಲು ಹೋದಾಗ ಬೆರಳು ಮಡಚಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಲ ಮಣಿಕಟ್ಟಿನ ಮೂಳೆ ಮುರಿದಿದೆ. ಗಲ್ಲಕ್ಕೆ ನಾಲ್ಕು ಹೊಲಿಗೆ ಬಿದ್ದಿವೆ. ಬಲ ಮಂಡಿಯ ಚರ್ಮ ಕಿತ್ತು ಬಂದಿದೆ, ಭುಜ ಉಳುಕಿದೆ. ತಲೆಗೆ ಏನೂ ಆಗಿಲ್ಲ, ಹೆಲ್ಮೆಟ್‌ನ ಬಲಭಾಗ ಪೂರ್ತಿ ತರಚಿದೆ. ಆರು ವಾರ ಪ್ಲಾಸ್ಟರ್, ಆಮೇಲೆ ಫಿಸಿಯೋಥೆರಪಿ. ಕತ್ತರಿ ಹಿಡಿಯುವ ಬಲ ಎಷ್ಟರಮಟ್ಟಿಗೆ ವಾಪಸ್ ಬರುತ್ತದೆ ಅನ್ನೋದನ್ನು ಆಗಲೇ ಹೇಳಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ನನಗೆ ರಾತ್ರಿ ನಿದ್ದೆ ಬರದಿರುವುದು ನೋವಿನಿಂದ ಅಲ್ಲ, ಈ ಮಾತಿನಿಂದ.

ದೀಪಾವಳಿ ನಮ್ಮ ಕಸುಬಿಗೆ ಸುಗ್ಗಿ. ಒಪ್ಪಿಕೊಂಡಿದ್ದ 28 ಬ್ಲೌಸ್‌ಗಳನ್ನು ಹಬ್ಬದ ವಾರದಲ್ಲಿ ಹಾಗೇ ವಾಪಸ್ ಕೊಟ್ಟೆ.

ಇನ್ನು ಗುಂಡಿಯ ವಿಷಯ. ಇದು ಮಳೆಯಿಂದ ತಾನಾಗೇ ಬಿದ್ದ ಗುಂಡಿಯಲ್ಲ. ಆಗಸ್ಟ್‌ನಲ್ಲಿ ಪೈಪ್ ಹಾಕಲು ಅಲ್ಲಿ ರಸ್ತೆ ಅಗೆದರು. ಮೇಲೆ ಮಣ್ಣು, ಜಲ್ಲಿ ಸುರಿದು ಹೋದರು, ಡಾಂಬರು ಹಾಕಲಿಲ್ಲ. ಮಳೆಗೆ ಮಣ್ಣು ಕುಸಿಯಿತು. ನನಗಿಂತ ಮೊದಲು ಇಬ್ಬರು ಅಲ್ಲೇ ಬಿದ್ದಿದ್ದಾರೆ ಎಂದು ಅಂಗಡಿಯವರು ಹೇಳಿದರು. ಅಷ್ಟಾದರೂ ಒಂದು ಬ್ಯಾರಿಕೇಡ್ ಇಲ್ಲ, ರಿಫ್ಲೆಕ್ಟರ್ ಪಟ್ಟಿ ಇಲ್ಲ. ಅಗೆಯಲು ಅನುಮತಿ ಕೊಟ್ಟವರು ಆಮೇಲೆ ಬಂದು ನೋಡಬೇಕಿತ್ತು ಅಲ್ವಾ?

ಮರುದಿನ ಬೆಳಿಗ್ಗೆ ನೀರು ಇಳಿದ ಮೇಲೆ ಅಕ್ಕನ ಮಗ ನನ್ನ ಅಳತೆ ಟೇಪ್ ತೆಗೆದುಕೊಂಡು ಹೋಗಿ ಅಳೆದ. ಉದ್ದ 50 ಇಂಚು, ಅಗಲ 31 ಇಂಚು, ಆಳ 7 ಇಂಚು. ಟೇಪ್ ಇಟ್ಟೇ ತೆಗೆದ ಫೋಟೋ ಲಗತ್ತಿಸಿದ್ದೇನೆ. 13ನೇ ತಾರೀಕು ಸಹಾಯವಾಣಿಯಲ್ಲಿ ದೂರು ದಾಖಲಿಸಿದೆವು. 18ರಂದು "ಸರಿಪಡಿಸಲಾಗಿದೆ" ಎಂದು ಮೆಸೇಜ್ ಬಂತು. ಹೋಗಿ ನೋಡಿದರೆ ಕಟ್ಟಡ ಒಡೆದ ಇಟ್ಟಿಗೆ ಚೂರು ಸುರಿದಿದ್ದರು. ಇವತ್ತು ಅದೂ ಎದ್ದುಹೋಗಿ ರಸ್ತೆ ತುಂಬ ಹರಡಿದೆ. ಈಗ ಗುಂಡಿಯ ಜೊತೆಗೆ ಚೂರುಗಳ ಮೇಲೂ ಗಾಡಿ ಜಾರುತ್ತದೆ.

ನಾನು ತೇಪೆ ಹಾಕುವ ಕಸುಬಿನವಳು. ಹರಿದ ಜಾಗದ ಸುತ್ತಲಿನ ಜೀರ್ಣವಾದ ಬಟ್ಟೆಯನ್ನು ಕತ್ತರಿಸಿ, ಗಟ್ಟಿ ಬಟ್ಟೆ ಸಿಕ್ಕ ಕಡೆ ಹೊಲಿಗೆ ಹಾಕದಿದ್ದರೆ ತೇಪೆ ನಿಲ್ಲುವುದಿಲ್ಲ. ರಸ್ತೆಗೂ ಹಾಗೇ ಮಾಡಬೇಕು ಎಂದು ಕಾಂಟ್ರಾಕ್ಟ್ ಕೆಲಸ ಮಾಡುವ ನಮ್ಮ ನೆಂಟರು ಹೇಳುತ್ತಾರೆ. ಗುಂಡಿಯ ಅಂಚನ್ನು ಚೌಕವಾಗಿ, ನೇರವಾಗಿ ಕತ್ತರಿಸಬೇಕು. ಕೆಸರು, ನೀರು ತೆಗೆದು ಒಣಗಿಸಬೇಕು. ಒಳಮೈಗೆ ಟಾರ್ ಬಳಿದು, ಬಿಸಿ ಡಾಂಬರು ಮಿಶ್ರಣವನ್ನು ಪದರ ಪದರವಾಗಿ ತುಂಬಿ ರೋಲರ್ ಹೊಡೆಯಬೇಕು. ಮಳೆ ಇದ್ದರೆ ಅದಕ್ಕೆಂದೇ ಕೋಲ್ಡ್ ಮಿಕ್ಸ್ ಇದೆ. ದಯವಿಟ್ಟು ಇಟ್ಟಿಗೆ ಚೂರು ಬೇಡ.

ಬೆಂಗಳೂರಿನ ರಸ್ತೆ ಗುಂಡಿಗಳ ಬಗ್ಗೆ ಕರ್ನಾಟಕ ಹೈಕೋರ್ಟ್ 2019ರ ಜುಲೈ 31ರಂದು ಕೊಟ್ಟ ಆದೇಶ ನಿಮಗೆ ಗೊತ್ತೇ ಇರುತ್ತದೆ. ಒಳ್ಳೆಯ ರಸ್ತೆ ಸಂವಿಧಾನದ 21ನೇ ವಿಧಿಯ ಹಕ್ಕಿನಲ್ಲೇ ಸೇರಿದೆ, ಗುಂಡಿಯಿಂದ ನೊಂದವರು ಪರಿಹಾರ ಕೇಳಬಹುದು ಎಂದು ಅದರಲ್ಲಿದೆ. ಇದೇ ತಿಂಗಳು ಬಾಂಬೆ ಹೈಕೋರ್ಟ್ ಅಲ್ಲಿನ ರಸ್ತೆಗಳ ವಿಷಯದಲ್ಲಿ ಸಾವಿಗೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ ಎರಡೂವರೆ ಲಕ್ಷ ರೂಪಾಯಿ ಎಂದು ಹೇಳಿದೆ.

ನಾನು ಕೇಳುತ್ತಿರುವುದು ನನಗೆ ನಿಜವಾಗಿ ಆದ ನಷ್ಟ. ಆಸ್ಪತ್ರೆ, ಎಕ್ಸ್-ರೇ, ಔಷಧಿ 23,600 ರೂ. ಫಿಸಿಯೋಥೆರಪಿಗೆ ಹೇಳಿರುವುದು 4,000. ಸ್ಕೂಟರ್ ರಿಪೇರಿ 7,200. ಹಾಳಾದ ಬ್ಲೌಸಿಗೆ ಗಿರಾಕಿಗೆ ಕೊಟ್ಟಿದ್ದು 1,800. ವಾಪಸ್ ಹೋದ ಹೊಲಿಗೆ, ಒಂದಕ್ಕೆ 750ರಂತೆ 21,000. ಒಟ್ಟು 57,600 ರೂಪಾಯಿ. ಮುಂದೆ ಕೈಗೆ ಊನ ಉಳಿದರೆ ಅದನ್ನು ಬೇರೆಯಾಗಿ ಕೇಳುವ ಹಕ್ಕು ನನಗಿರಲಿ.

ಗುಂಡಿಯನ್ನು ಸರಿಯಾಗಿ ಮುಚ್ಚಿಸಿ. ಅಲ್ಲಿಯವರೆಗೆ ಇವತ್ತೇ ಒಂದು ಬ್ಯಾರಿಕೇಡ್ ಇಡಿಸಿ. ಬೀದಿ ದೀಪ ರಿಪೇರಿ ಮಾಡಿಸಿ, ಅದು ಬೇರೆಯವರ ಕೆಲಸವಾದರೆ ನೀವೇ ಅವರಿಗೆ ಬರೆಯಿರಿ. ರಸ್ತೆ ಅಗೆದವರು ಯಾರು, ಮುಚ್ಚುವ ಹೊಣೆ ಯಾರದ್ದು, ಮುಚ್ಚದೆಯೇ "ಸರಿಪಡಿಸಲಾಗಿದೆ" ಎಂದು ಬರೆದವರು ಯಾರು ಎಂಬುದನ್ನು ವಿಚಾರಿಸಿ, 15 ದಿನದೊಳಗೆ ನನಗೆ ಲಿಖಿತ ಉತ್ತರ ಕೊಡಿ. ಸ್ಥಳ ಪರಿಶೀಲನೆಗೆ ಬರುವುದಾದರೆ ತಿಳಿಸಿ, ನಾನೇ ಬಂದು ಜಾಗ ತೋರಿಸುತ್ತೇನೆ. ನನ್ನನ್ನು ಎತ್ತಿದ ಮೂವರೂ ಸಾಕ್ಷಿ ಹೇಳಲು ಒಪ್ಪಿದ್ದಾರೆ.

ಪೊಲೀಸ್ ಠಾಣೆಯ ಹಿಂಬರಹ, ಗಾಯದ ಪ್ರಮಾಣಪತ್ರ, ಎಕ್ಸ್-ರೇ ಮತ್ತು ಬಿಲ್ಲುಗಳ ನಕಲು, ಆರು ಫೋಟೋ, ಆರ್‌ಸಿ, ಇನ್ಶೂರೆನ್ಸ್, ಡಿಎಲ್ ನಕಲು, ಆರ್ಡರ್ ಪುಸ್ತಕದ ಪುಟಗಳ ನಕಲು ಈ ಪತ್ರದ ಜೊತೆಗಿವೆ. ಈ ಪತ್ರದ ಇನ್ನೊಂದು ಪ್ರತಿಗೆ ಸೀಲ್ ಹಾಕಿ ಸ್ವೀಕೃತಿ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಎಸ್. ಮಂಜುಳಾ
(ಎಡಗೈ ಸಹಿ)