ಅನನ್ಯತಾವಾದ, ಅಂತರ್ಭಾವವಾದ, ಬಹುತ್ವವಾದ: ಅನ್ಯಧರ್ಮಗಳ ಕುರಿತು ಕ್ರೈಸ್ತ ದೈವಶಾಸ್ತ್ರದ ಮೂರು ನಿಲುವುಗಳು

(ಸೆಮಿನಾರ್ ಪ್ರಬಂಧ, ಬಿ.ಡಿ. ಅಂತಿಮ ವರ್ಷ)

ಕ್ರಿಸ್ತನನ್ನು ಅರಿಯದವರಿಗೆ ರಕ್ಷಣೆ ಉಂಟೇ? ಈ ಪ್ರಶ್ನೆಗೆ ಕ್ರೈಸ್ತರು ಕೊಟ್ಟ ಉತ್ತರಗಳನ್ನು ದೈವಶಾಸ್ತ್ರಜ್ಞ ಅಲನ್ ರೇಸ್ 1983ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ಕ್ರಿಸ್ತನನ್ನು ನಂಬಿದವರಿಗಷ್ಟೇ ರಕ್ಷಣೆ ಎನ್ನುವುದು ಅನನ್ಯತಾವಾದ; ರಕ್ಷಣೆ ಕ್ರಿಸ್ತನಿಂದಲೇ ಆದರೂ ಅವನನ್ನು ಅರಿಯದವರಿಗೂ ಅದು ತಲುಪಬಲ್ಲದು ಎನ್ನುವುದು ಅಂತರ್ಭಾವವಾದ; ಬೇರೆ ಬೇರೆ ಧರ್ಮಗಳೂ ರಕ್ಷಣೆಯ ದಾರಿಗಳೇ ಎನ್ನುವುದು ಬಹುತ್ವವಾದ. ಆ ವಿಂಗಡಣೆಯನ್ನೇ ಹಿಡಿದು ಹೊರಟರೂ, ಅಂತರ್ಭಾವವಾದವನ್ನು ಒಂದು ಷರತ್ತಿನೊಂದಿಗೆ ಒಪ್ಪಬಹುದು ಎಂಬುದು ನನ್ನ ವಾದ.

ಅನನ್ಯತಾವಾದಕ್ಕೆ ಯೋಹಾನ 14:6 ಮತ್ತು ಅಪೊಸ್ತಲರ ಕೃತ್ಯಗಳು 4:12 ಆಧಾರ. ಭಾರತದ ಮಟ್ಟಿಗೆ ಇದರ ಗಟ್ಟಿ ದನಿ ಡಚ್ ಮಿಷನರಿ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಅವರದು. 1938ರ ತಾಂಬರಂ ಮಿಷನರಿ ಸಮ್ಮೇಳನಕ್ಕಾಗಿ ಬರೆದ ಗ್ರಂಥದಲ್ಲಿ ಅವರು ದೇವರ ಪ್ರಕಟಣೆಯನ್ನೂ ಮನುಷ್ಯರ ಧರ್ಮಗಳನ್ನೂ ಬೇರ್ಪಡಿಸಿದರು. ಈ ನಿಲುವನ್ನು ಬರಿಯ ಅಹಂಕಾರವೆಂದು ತಳ್ಳಿಹಾಕಲಾಗದು. ಕ್ರೈಸ್ತಧರ್ಮವೂ ಒಂದು ಧರ್ಮವಾಗಿ ದೇವರ ತೀರ್ಪಿನಡಿಯೇ ಇದೆ ಎಂದು ಅವರು ಹೇಳಿದ್ದರು. ಆದರೆ ನೆರೆಯವನ ಪ್ರಾರ್ಥನೆಯಲ್ಲಿ ದೇವರ ಕೃಪೆಯ ಗುರುತು ಕಂಡಾಗ ಅದನ್ನು ಏನೆಂದು ಕರೆಯಬೇಕು? ಇಲ್ಲಿ ಕ್ರೇಮರ್ ತಡವರಿಸುತ್ತಾರೆ. ಭಾರತೀಯ ಕ್ರೈಸ್ತ ಚಿಂತಕ ಚೆಂಚಯ್ಯ ಮತ್ತವರ ಸಂಗಡಿಗರು ಅದೇ ವರ್ಷ ಮದ್ರಾಸಿನಿಂದ ಎತ್ತಿದ ತಕರಾರು ಇದಕ್ಕೆ ಹತ್ತಿರದ್ದು. ಹಿಂದೂ ಪರಂಪರೆಯಿಂದ ಬಂದ ಕ್ರೈಸ್ತರು ತಮ್ಮ ಹಿಂದಿನದನ್ನೆಲ್ಲ ಕತ್ತಲೆ ಎನ್ನಲು ಸಿದ್ಧರಿರಲಿಲ್ಲ.

ಬಹುತ್ವವಾದದಲ್ಲಿ ಬ್ರಿಟಿಷ್ ಚಿಂತಕ ಜಾನ್ ಹಿಕ್ ಕ್ರಿಸ್ತನ ಬದಲು ದೇವರನ್ನು, ಆಮೇಲೆ ಹೆಸರಿಗೆ ನಿಲುಕದ ‘ಪರಮಸತ್ಯ’ವನ್ನು ಕೇಂದ್ರದಲ್ಲಿಟ್ಟರು. ಉದಾರವಾಗಿ ಕಂಡರೂ ಇದು ಯಾವ ಭಕ್ತನ ಮಾತನ್ನೂ ಅವನು ಹೇಳಿದಂತೆ ಉಳಿಸುವುದಿಲ್ಲ. ಮುಸಲ್ಮಾನನ ಅಲ್ಲಾಹನೂ ವೈಷ್ಣವನ ನಾರಾಯಣನೂ ಆ ಸತ್ಯದ ತೋರಿಕೆಗಳಷ್ಟೇ ಆಗುತ್ತಾರೆ. ಇದೂ ಒಂದು ಬಗೆಯ ಅನನ್ಯತಾವಾದವೇ ಎಂಬ ಕಥೋಲಿಕ ದೈವಶಾಸ್ತ್ರಜ್ಞ ಗ್ಯಾವಿನ್ ಡಿಕೋಸ್ಟಾ ಅವರ ಟೀಕೆ ನನಗೆ ಸರಿ ಎನಿಸುತ್ತದೆ. ಕಾರ್ಕಳದಲ್ಲಿ ಹುಟ್ಟಿದ ದೈವಶಾಸ್ತ್ರಜ್ಞ ಸ್ಟ್ಯಾನ್ಲಿ ಸಮರ್ಥ ಇದಕ್ಕಿಂತ ಎಚ್ಚರದಿಂದ ನಡೆದರು. ಕ್ರಿಸ್ತನಿಗೆ ಬದ್ಧರಾಗಿಯೇ, ದೇವರ ರಹಸ್ಯವನ್ನು ಯಾವ ಧರ್ಮವೂ ಪೂರ್ತಿ ಹಿಡಿಯಲಾರದು ಎಂದರು.

ಅಂತರ್ಭಾವವಾದಕ್ಕೆ ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ‘ನೋಸ್ತ್ರಾ ಎತಾತೆ’ ಎಂಬ ಘೋಷಣೆ ಬಲ ಕೊಟ್ಟಿತು. ಇತರ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಅದು ಸಾರಿತು. ಕಥೋಲಿಕ ದೈವಶಾಸ್ತ್ರಜ್ಞ ಕಾರ್ಲ್ ರಾನರ್ ಆ ಧರ್ಮಗಳಲ್ಲಿದ್ದೇ ದೇವರ ಕೃಪೆಗೆ ತೆರೆದುಕೊಂಡವರನ್ನು ‘ಅನಾಮಿಕ ಕ್ರೈಸ್ತರು’ ಎಂದರು. ತನ್ನನ್ನು ತಾನು ಕ್ರೈಸ್ತನೆಂದುಕೊಳ್ಳದವನಿಗೆ ಈ ಹೆಸರು ಹೇರಿಕೆಯೇ ಸರಿ. ಆದರೆ ‘ನಿಮ್ಮನ್ನು ಅನಾಮಿಕ ಝೆನ್ ಬೌದ್ಧರೆಂದರೆ?’ ಎಂದು ಜಪಾನಿನ ತತ್ತ್ವಜ್ಞಾನಿ ನಿಶಿತಾನಿ ಕೇಳಿದಾಗ, ಅದು ತಮಗೆ ಗೌರವವೆಂದೇ ರಾನರ್ ಉತ್ತರಿಸಿದರು. ನನ್ನ ಷರತ್ತು ಇದೇ: ನೆರೆಯವನನ್ನು ನನ್ನ ನಂಬಿಕೆಯೊಳಗೆ ಕಾಣುವ ನಾನು, ಅವನೂ ನನ್ನನ್ನು ಹಾಗೆ ಕಂಡು ತಿದ್ದಲು ಎಡೆಕೊಡಬೇಕು.

ಇದಕ್ಕೆ ಆಧಾರ ಅಪೊಸ್ತಲರ ಕೃತ್ಯಗಳ 10ನೇ ಅಧ್ಯಾಯ. ಯೆಹೂದ್ಯನಲ್ಲದ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಅಪೊಸ್ತಲ ಪೇತ್ರ ಹೋದಾಗ ಅಲ್ಲಿ ಬದಲಾದವನು ಅವನೊಬ್ಬನೇ ಅಲ್ಲ. ದೇವರು ಪಕ್ಷಪಾತಿಯಲ್ಲವೆಂದು ಪೇತ್ರ ಕಲಿತದ್ದೂ ಅಲ್ಲಿಯೇ. ಕೊರ್ನೇಲ್ಯ ಕೊನೆಗೆ ದೀಕ್ಷಾಸ್ನಾನ ಪಡೆದನಲ್ಲ ಎಂದು ಅನನ್ಯತಾವಾದಿ ಆಕ್ಷೇಪಿಸಬಹುದು. ಹೌದು, ಪಡೆದನು. ಆದರೆ ಪವಿತ್ರಾತ್ಮನು ಅವನ ಮೇಲೆ ಇಳಿದದ್ದು ಅದಕ್ಕೆ ಮೊದಲೇ, ಪೇತ್ರ ಇನ್ನೂ ಮಾತಾಡುತ್ತಿದ್ದಾಗಲೇ.